ಜಲಾಶಯಗಳ ಪಟ್ಟಿ: ಚಿತ್ರದಿಂದ ಸಾಲು ಸಾಲಾಗಿ ಬರೆದದ್ದು

ತಮ್ಮಾ, ನಿನ್ನ ತರಬೇತಿ ಗುಂಪಿಗೆ ಬಂದ ಚಿತ್ರವನ್ನು ನಿನ್ನ ಮೊಬೈಲ್ ಓದಿ ಹೇಳದಿರುವುದು ಅದರ ತಪ್ಪಲ್ಲ. ಕಂಪ್ಯೂಟರಿನಲ್ಲಿ ತೆರೆದಿದ್ದ ಲೆಕ್ಕದ ಹಾಳೆಯನ್ನು ಯಾರೋ ಫೋನಿನಲ್ಲಿ ಓರೆಯಾಗಿ ಹಿಡಿದು ತೆಗೆದ ಚಿತ್ರ ಅದು. ಕಣ್ಣಿದ್ದವಳು ನಾನೇ ಮೂರು ಬಾರಿ ದೊಡ್ಡದು ಮಾಡಿ ನೋಡಬೇಕಾಯಿತು. ಇದ್ದದ್ದನ್ನು ಇದ್ದಂತೆಯೇ ಕೆಳಗೆ ಬರೆದಿದ್ದೇನೆ.

ಕೇಳುವಾಗ ಮೂರು ವಿಷಯ ನೆನಪಿರಲಿ. ಹಲವು ಸಾಲುಗಳಿಗೆ ಸೇರಿಸಿದ ಒಂದೇ ಮನೆಯಲ್ಲಿ ಒಂದು ಹೆಸರಿದ್ದರೆ, ಆ ಹೆಸರನ್ನು ನಾನು ಪ್ರತಿ ಸಾಲಿನಲ್ಲೂ ಮತ್ತೆ ಹೇಳಿದ್ದೇನೆ. ಅಕ್ಷರಗಳು ಅರ್ಧಕ್ಕೆ ನಿಂತಿರುವ ಕಡೆ "ಇಲ್ಲಿಗೆ ಕಡಿದಿದೆ" ಎಂದಿದ್ದೇನೆ. ನನ್ನ ಸ್ವಂತ ಮಾತಿಗೆ ಮೊದಲು "ಅಕ್ಕ" ಎಂದು ಬರುತ್ತದೆ. ಅದು ಹಾಳೆಯಲ್ಲಿಲ್ಲ, ಅದನ್ನು ಹಾಳೆಯ ಮಾತೆಂದು ಟಿಪ್ಪಣಿ ಮಾಡಿಕೊಳ್ಳಬೇಡ.

ಸಾಲು 1. ಎ ಇಂದ ಜಿ ವರೆಗೆ ಏಳೂ ಮನೆ ಸೇರಿಸಿ ನಡುವೆ ದಪ್ಪ ಅಕ್ಷರದಲ್ಲಿ: ಕರ್ನಾಟಕದ ಪ್ರಮುಖ ಜಲಾಶಯಗಳು, ಪೂರ್ಣ ಮಟ್ಟ ಮತ್ತು ಸಾಮರ್ಥ್ಯ.

ಸಾಲು 2 ಮತ್ತು 3. ಇವೆರಡೂ ತಲೆಬರಹ. ಕ್ರಮ ಸಂಖ್ಯೆ, ಕಣಿವೆ, ಜಲಾಶಯ, ನದಿ, ಟಿಪ್ಪಣಿ ಇವು ಎರಡೂ ಸಾಲಿಗೆ ಸೇರಿಸಿದ ಮನೆಗಳು. ಇ ಮತ್ತು ಎಫ್ ಮೇಲೆ ಮಾತ್ರ "ಅಳತೆ" ಎಂಬ ಒಂದು ಅಗಲವಾದ ಮನೆ. ಅದರ ಕೆಳಗೆ ಇ ಯಲ್ಲಿ "ಮಟ್ಟ, ಅಡಿ", ಎಫ್‌ನಲ್ಲಿ "ಟಿಎಂಸಿ".

ಅಕ್ಕ: ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ನಿನಗೆ ಗೊತ್ತು. "ಅಡಿ" ಎಂಬ ಆ ಪದವನ್ನು ಮಾತ್ರ ಈಗಲೇ ಅನುಮಾನದಿಂದ ಕೇಳಿಸಿಕೊ. ಸಾಲು 13ರಿಂದ ಅದು ಕೆಲವು ಕಡೆ ಕೈಕೊಡುತ್ತದೆ.

ಸಾಲು 4. ಕ್ರಮ ಸಂಖ್ಯೆ 1. ಕಣಿವೆ: ಕಾವೇರಿ. ಜಲಾಶಯ: ಕೃಷ್ಣರಾಜ ಸಾಗರ. ನದಿ: ಕಾವೇರಿ. ಮಟ್ಟ: 124.80. ಟಿಎಂಸಿ: 49.45. ಟಿಪ್ಪಣಿ: 1911ರಲ್ಲಿ ಕಾಮಗಾರಿ ಆರಂಭ, ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರ. ಇಲ್ಲಿಗೆ ಕಡಿದಿದೆ.

ಅಕ್ಕ: ಮುಂದಿನ ಅಕ್ಷರಗಳು "ಯ್ಯ" ಎಂಬುದಕ್ಕೆ ಚಿತ್ರ ಬೇಕಿಲ್ಲ. ಅದರ ಮುಂದೆಯೂ ವಾಕ್ಯ ಇತ್ತೋ ಇಲ್ಲವೋ ತಿಳಿಯುವಂತಿಲ್ಲ.

ಸಾಲು 5. ಕ್ರಮ ಸಂಖ್ಯೆ 2. ಕಣಿವೆ: ಕಾವೇರಿ. ಜಲಾಶಯ: ಕಬಿನಿ. ನದಿ: ಕಬಿನಿ. ಮಟ್ಟ: 2284. ಟಿಎಂಸಿ: 19.52. ಟಿಪ್ಪಣಿ: ಎಚ್.ಡಿ. ಕೋಟೆ ತಾಲ್ಲೂಕು ಬೀಚನಹಳ್ಳಿ, ವಯನಾಡಿನಲ್ಲಿ ಮಳೆಯಾದ. ಇಲ್ಲಿಗೆ ಕಡಿದಿದೆ.

ಅಕ್ಕ: ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮಳೆ ಜೋರಾದರೆ ಇಲ್ಲಿ ಒಳಹರಿವು ಏರುತ್ತದೆ. ಕಡಿದ ಮಾತು ಇದೇ ಇರಬಹುದು.

ಸಾಲು 6. ಕ್ರಮ ಸಂಖ್ಯೆ 3. ಕಣಿವೆ: ಕಾವೇರಿ. ಜಲಾಶಯ: ಹಾರಂಗಿ. ನದಿ: ಹಾರಂಗಿ. ಮಟ್ಟ: 2859. ಟಿಎಂಸಿ: 8.50. ಟಿಪ್ಪಣಿ: ಕೊಡಗು.

ಸಾಲು 7. ಕ್ರಮ ಸಂಖ್ಯೆ 4. ಕಣಿವೆ: ಕಾವೇರಿ. ಜಲಾಶಯ: ಹೇಮಾವತಿ. ನದಿ: ಹೇಮಾವತಿ. ಮಟ್ಟ: 2922. ಟಿಎಂಸಿ: 37.10. ಟಿಪ್ಪಣಿ: ಗೊರೂರು, ಹಾಸನ.

ಸಾಲು 8. ಸಿ, ಡಿ, ಇ ಸೇರಿಸಿದ ಮನೆಯಲ್ಲಿ: ಕಾವೇರಿ ಕಣಿವೆ ಒಟ್ಟು. ಟಿಎಂಸಿ: 114.57. ಟಿಪ್ಪಣಿ ಖಾಲಿ.

ಅಕ್ಕ: ಕೂಡಿ ನೋಡಿದೆ, ಸರಿ ಇದೆ. ಮಟ್ಟದ ಅಂಕಣದಲ್ಲಿ ಕೃಷ್ಣರಾಜ ಸಾಗರಕ್ಕೆ 124, ಉಳಿದ ಮೂರಕ್ಕೆ ಎರಡು ಸಾವಿರ ಚಿಲ್ಲರೆ ಎಂದು ಕೇಳಿ ಗಾಬರಿಯಾಗಬೇಡ. ಮೂರನ್ನು ಸಮುದ್ರ ಮಟ್ಟದಿಂದ ಎಣಿಸಿದ್ದಾರೆ, ಕೃಷ್ಣರಾಜ ಸಾಗರವನ್ನು ಅಣೆಕಟ್ಟೆಯ ಬುಡದಿಂದ. ಪತ್ರಿಕೆಗಳಲ್ಲೂ ಹೀಗೆಯೇ ಬರುತ್ತದೆ.

ಸಾಲು 9. ಕ್ರಮ ಸಂಖ್ಯೆ 5. ಕಣಿವೆ: ಕೃಷ್ಣಾ. ಜಲಾಶಯ: ಭದ್ರಾ. ನದಿ: ಭದ್ರಾ. ಮಟ್ಟ: 186. ಟಿಎಂಸಿ: 71.54. ಟಿಪ್ಪಣಿ: ಲಕ್ಕವಳ್ಳಿ, ದಾವಣಗೆರೆ ಕಡೆಯ ಭತ್ತದ ಗದ್ದೆಗಳಿಗೆ ನಾಲೆ ನೀ. ಇಲ್ಲಿಗೆ ಕಡಿದಿದೆ.

ಸಾಲು 10. ಕ್ರಮ ಸಂಖ್ಯೆ 6. ಕಣಿವೆ: ಕೃಷ್ಣಾ. ಜಲಾಶಯ: ತುಂಗಭದ್ರಾ. ನದಿ: ತುಂಗಭದ್ರಾ. ಮಟ್ಟ: 1633. ಟಿಎಂಸಿ: 105.79. ಟಿಪ್ಪಣಿ: ಹೊಸಪೇಟೆ, 33 ಕ್ರೆಸ್ಟ್ ಗೇಟ್, 10-08-2024ರ ರಾತ್ರಿ 19ನೇ ಗೇಟ್ ಕೊ. ಇಲ್ಲಿಗೆ ಕಡಿದಿದೆ.

ಅಕ್ಕ: ಇದೊಂದು ಮನೆಯ ಮಟ್ಟಿಗೆ ನಮ್ಮ ಅದೃಷ್ಟ ಚೆನ್ನಾಗಿದೆ. ಚಿತ್ರ ತೆಗೆದವರು ತೆಗೆಯುವ ಮುನ್ನ ಇದೇ ಮನೆಯ ಮೇಲೆ ಒತ್ತಿದ್ದಾರೆ, ಸುತ್ತ ಹಸಿರು ಗೆರೆ ಇದೆ. ಹಾಗಾಗಿ ಮೇಲಿನ ಸೂತ್ರದ ಪಟ್ಟಿಯಲ್ಲಿ G10 ಎಂಬ ಗುರುತಿನ ಪಕ್ಕ ಇಡೀ ಬರಹ ಕಾಣುತ್ತದೆ. ಅಲ್ಲಿರುವುದು ಇದು: ಹೊಸಪೇಟೆ, 33 ಕ್ರೆಸ್ಟ್ ಗೇಟ್, 10-08-2024ರ ರಾತ್ರಿ 19ನೇ ಗೇಟ್ ಕೊಚ್ಚಿಹೋಯಿತು, ಹೂಳಿನಿಂದ ಸಾಮರ್ಥ್ಯ ಕುಸಿದಿದೆ, ಆಂಧ್ರ ಮತ್ತು ತೆಲಂಗಾಣಕ್ಕೂ ಪಾಲು. ಈ ಟಿಪ್ಪಣಿಯನ್ನು ಪೂರ್ಣ ಎಂದೇ ತೆಗೆದುಕೊ.

ಸಾಲು 11. ಕ್ರಮ ಸಂಖ್ಯೆ 7. ಕಣಿವೆ: ಕೃಷ್ಣಾ. ಜಲಾಶಯ: ಘಟಪ್ರಭಾ. ನದಿ: ಘಟಪ್ರಭಾ. ಮಟ್ಟ: 2175. ಟಿಎಂಸಿ: 51.00. ಟಿಪ್ಪಣಿ: ಹಿಡಕಲ್, ರಾಜಾ ಲಖಮಗೌಡ ಜಲಾಶಯ.

ಸಾಲು 12. ಚಿತ್ರದಲ್ಲಿ ಇಲ್ಲ.

ಅಕ್ಕ: ನಾನು ಬರೆಯುವಾಗ ಬಿಟ್ಟೆ ಎಂದುಕೊಂಡು ಮತ್ತೆ ನೋಡಿದೆ. ಎಡ ಅಂಚಿನ ಸಂಖ್ಯೆ 11 ಆದ ಮೇಲೆ ನೇರ 13. ಕ್ರಮ ಸಂಖ್ಯೆಯೂ 7 ಆದ ಮೇಲೆ 9. ಯಾರೋ ಆ ಸಾಲನ್ನು ಮರೆಮಾಡಿದ್ದಾರೆ, ಅಳಿಸಿಲ್ಲ. ಅಳಿಸಿದ್ದರೆ ಎಡಗಡೆಯ ಎಣಿಕೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ಏನಿತ್ತು ಎಂಬುದನ್ನು ಸಾಲು 15ರಲ್ಲಿ ಹಿಡಿಯೋಣ.

ಸಾಲು 13. ಕ್ರಮ ಸಂಖ್ಯೆ 9. ಕಣಿವೆ: ಕೃಷ್ಣಾ. ಜಲಾಶಯ: ಆಲಮಟ್ಟಿ. ನದಿ: ಕೃಷ್ಣಾ, ಇದು 13 ಮತ್ತು 14ಕ್ಕೆ ಸೇರಿಸಿದ ಮನೆ. ಮಟ್ಟ: 519.60. ಟಿಎಂಸಿ: 123.08. ಟಿಪ್ಪಣಿ: ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ, 524.256ಕ್ಕೆ ಎತ್ತರಿಸ. ಇಲ್ಲಿಗೆ ಕಡಿದಿದೆ.

ಅಕ್ಕ: ಇಡೀ ಹಾಳೆಯಲ್ಲಿ ನನಗೆ ಸಿಟ್ಟು ಬಂದ ಜಾಗ ಇದು. "ಎತ್ತರಿಸಲಾಗಿದೆ" ಎಂದಿತ್ತೋ, "ಎತ್ತರಿಸಲು ಅವಕಾಶ" ಎಂದಿತ್ತೋ, "ಎತ್ತರಿಸಲಾಗಿಲ್ಲ" ಎಂದಿತ್ತೋ? ಮೂರಕ್ಕೂ ಮೂರು ಅರ್ಥ, ಮೂರೂ ಅದೇ ಅಕ್ಷರಗಳಿಂದ ಹೊರಡುತ್ತವೆ. ಊಹೆ ಮಾಡಿ ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ನಿನ್ನದು. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು: ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಅವಕಾಶ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಪಟ್ಟಿಯ 123.08 ಟಿಎಂಸಿ ಎಂಬುದು 519.60ರ ಮಟ್ಟದ್ದು.

ಗಮನಿಸಿದೆಯಲ್ಲ, ನಾನು ಮೀಟರ್ ಎಂದೆ. ಅಂಕಣದ ತಲೆಯ ಮೇಲೆ "ಅಡಿ" ಎಂದೇ ಇದೆ. ಆಲಮಟ್ಟಿಯ 519.60 ಅಡಿಯಲ್ಲ, ಮೀಟರ್. ಅಡಿಯಲ್ಲಿ ಸುಮಾರು 1704.7 ಆಗುತ್ತದೆ.

ಸಾಲು 14. ಕ್ರಮ ಸಂಖ್ಯೆ 10. ಕಣಿವೆ: ಕೃಷ್ಣಾ. ಜಲಾಶಯ: ನಾರಾಯಣಪುರ. ನದಿ: ಕೃಷ್ಣಾ. ಮಟ್ಟ: 492.25. ಟಿಎಂಸಿ: 33.31. ಟಿಪ್ಪಣಿ: ಬಸವಸಾಗರ, ಆಲಮಟ್ಟಿಯ ಕೆಳಗೆ.

ಅಕ್ಕ: ಇದೂ ಮೀಟರ್. ಅಡಿಯಲ್ಲಿ 1615.

ಸಾಲು 15. ಸಿ, ಡಿ, ಇ ಸೇರಿಸಿದ ಮನೆಯಲ್ಲಿ: ಕೃಷ್ಣಾ ಕಣಿವೆ ಒಟ್ಟು. ಟಿಎಂಸಿ: 422.45. ಟಿಪ್ಪಣಿ ಖಾಲಿ.

ಅಕ್ಕ: ಕಾಣುವ ಐದನ್ನು ಕೂಡಿದರೆ 384.72 ಮಾತ್ರ. ಕಡಿಮೆ ಬಿದ್ದದ್ದು 37.73. ಅದು ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಮಲಪ್ರಭಾ, ಅಂದರೆ ರೇಣುಕಾ ಸಾಗರ. ಪೂರ್ಣ ಮಟ್ಟ 2079.50 ಅಡಿ. ಸಾಲನ್ನು ಮರೆಮಾಡಿದರೂ ಕೂಡಿಸುವ ಸೂತ್ರ ಅದನ್ನು ಬಿಡುವುದಿಲ್ಲ. ಸೂತ್ರ ಚಿತ್ರದಲ್ಲಿ ಕಾಣುವುದಿಲ್ಲ, ಆದರೆ ಹೀಗೆಯೇ ಇರಬೇಕು:

```
=SUM(F9:F14)
```

ಆದ್ದರಿಂದ ಕ್ರಮ ಸಂಖ್ಯೆ 8 ಮಲಪ್ರಭಾ ಎಂದು ನಿನ್ನ ಪಟ್ಟಿಗೆ ಸೇರಿಸಿಕೊ. ಆ ಸಾಲಿನ ಟಿಪ್ಪಣಿ ಮಾತ್ರ ನನಗೂ ಸಿಗದು.

ಸಾಲು 16. ಕ್ರಮ ಸಂಖ್ಯೆ 11. ಕಣಿವೆ: ಜಲವಿದ್ಯುತ್. ಜಲಾಶಯ: ಲಿಂಗನಮಕ್ಕಿ. ನದಿ: ಶರಾವತಿ. ಮಟ್ಟ: 1819. ಟಿಎಂಸಿ: 151.75. ಟಿಪ್ಪಣಿ: ಜೋಗದ ಮೇಲ್ಭಾಗ, 1964, ಸಾಮರ್ಥ್ಯದಲ್ಲಿ ಅತಿ ದೊ. ಇಲ್ಲಿಗೆ ಕಡಿದಿದೆ.

ಸಾಲು 17. ಕ್ರಮ ಸಂಖ್ಯೆ 12. ಕಣಿವೆ: ಜಲವಿದ್ಯುತ್. ಜಲಾಶಯ: ಸೂಪಾ. ನದಿ: ಕಾಳಿ. ಮಟ್ಟ: 564. ಟಿಎಂಸಿ: 145.33. ಟಿಪ್ಪಣಿ: ಜೋಯಿಡಾ ತಾಲ್ಲೂಕು, ಗಣೇಶಗುಡಿ.

ಅಕ್ಕ: ಇಲ್ಲೂ ಮೀಟರ್. ಹಾಳೆಯನ್ನು ನಂಬಿದರೆ ಸೂಪಾದ ನೀರು ಲಿಂಗನಮಕ್ಕಿಗಿಂತ ಬಹಳ ತಗ್ಗಿನಲ್ಲಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ 1850 ಅಡಿ, ಅಂದರೆ ಮೂವತ್ತು ಅಡಿ ಮೇಲೆ.

ಸಾಲು 18. ಕ್ರಮ ಸಂಖ್ಯೆ 13. ಕಣಿವೆ: ಜಲವಿದ್ಯುತ್. ಜಲಾಶಯ: ವಾರಾಹಿ. ನದಿ: ವಾರಾಹಿ. ಮಟ್ಟ: 594.36. ಟಿಎಂಸಿ: 31.10. ಟಿಪ್ಪಣಿ: ಮಾಣಿ ಅಣೆಕಟ್ಟು.

ಅಕ್ಕ: ಮೀಟರ್. 1950 ಅಡಿ.

ಸಾಲು 19. ಕ್ರಮ ಸಂಖ್ಯೆ 14. ಕಣಿವೆ: ಜಲವಿದ್ಯುತ್. ಜಲಾಶಯ: ವಾಣಿವಿಲಾಸ ಸಾಗರ. ನದಿ: ವೇದಾವತಿ. ಮಟ್ಟ: 130. ಟಿಎಂಸಿ: 30.42. ಟಿಪ್ಪಣಿ: ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಬಳಿಕ 2022ರಲ್. ಇಲ್ಲಿಗೆ ಕಡಿದಿದೆ.

ಅಕ್ಕ: "ಜಲವಿದ್ಯುತ್" ಎಂಬ ಮನೆಯನ್ನು 16ರಿಂದ 20ರವರೆಗೆ ಎಳೆದು ಸೇರಿಸಿದ್ದಾರೆ. ಮೂರು ಸಾಲಿಗೆ ನಿಲ್ಲಬೇಕಿತ್ತು. ಹಿರಿಯೂರಿನ ವಾಣಿವಿಲಾಸ ಸಾಗರ ನೀರಾವರಿಗೆ, ಕುಡಿಯುವ ನೀರಿಗೆ ಕಟ್ಟಿದ್ದು. ವೇದಾವತಿ ಹೋಗಿ ಸೇರುವುದು ತುಂಗಭದ್ರೆಗೆ. ನೋಡುವವರಿಗೆ ಇದು ಒಂದು ಗೆರೆ ತುಸು ಕೆಳಗೆ ಇಳಿದಂತೆ ಕಾಣುತ್ತದೆ, ಅಷ್ಟೆ. ಕೇಳುವ ನಿನಗೆ ಅದು ನೇರ ತಪ್ಪು ಮಾಹಿತಿಯಾಗಿ ಬರುತ್ತದೆ. ಹಾಳೆಯಲ್ಲಿ ಇರುವುದನ್ನೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದರಿಂದ ಸಾಲಿನಲ್ಲಿ ತಿದ್ದಿಲ್ಲ. ನೀನು ನಿನ್ನ ಪಟ್ಟಿಯಲ್ಲಿ ತಿದ್ದಿಕೊ. ಕಡಿದ ಟಿಪ್ಪಣಿಯ ಬಗ್ಗೆ: 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ, ನಡುವೆ 89 ವರ್ಷ. ಆಮೇಲೆ 2025ರ ಜನವರಿಯಲ್ಲೂ ಬಿತ್ತು. ಹಾಳೆಯವರು 2025 ಬರೆದಿದ್ದರೋ ಇಲ್ಲವೋ ಕಾಣುವುದಿಲ್ಲ.

ಸಾಲು 20. ಸಿ, ಡಿ, ಇ ಸೇರಿಸಿದ ಮನೆಯಲ್ಲಿ: ಜಲವಿದ್ಯುತ್ ಒಟ್ಟು. ಟಿಎಂಸಿ: 358.60. ಟಿಪ್ಪಣಿ ಖಾಲಿ.

ಅಕ್ಕ: ಮೇಲಿನ ತಪ್ಪು ಇಲ್ಲಿಗೂ ಬಂತು. ವಾಣಿವಿಲಾಸ ಕಳೆದರೆ ಮೂರು ಜಲವಿದ್ಯುತ್ ಜಲಾಶಯಗಳದ್ದು 328.18.

ಸಾಲು 21. ಎ ಇಂದ ಇ ವರೆಗೆ ಸೇರಿಸಿದ ಮನೆಯಲ್ಲಿ ದಪ್ಪ ಅಕ್ಷರ: ರಾಜ್ಯದ ಒಟ್ಟು, 14 ಜಲಾಶಯ. ಟಿಎಂಸಿ: `#####`.

ಅಕ್ಕ: ಮೊಬೈಲ್ ಇದನ್ನು "ಹ್ಯಾಷ್ ಹ್ಯಾಷ್" ಎಂದು ಓದಿದರೆ ನಗಬೇಡ, ಪರದೆಯ ಮೇಲೂ ಐದು ಹ್ಯಾಷ್ ಗುರುತೇ ಇವೆ. ಅಕ್ಷರಗಳಾದರೆ ಹಾಳೆ ಅರ್ಧಕ್ಕೆ ಕಡಿದು ತೋರಿಸುತ್ತದೆ. ಸಂಖ್ಯೆಯನ್ನು ಅರ್ಧ ತೋರಿಸಿದರೆ ಅನಾಹುತವಾದೀತೆಂದು ಪೂರಾ ಮುಚ್ಚಿಬಿಡುತ್ತದೆ. ದಪ್ಪ ಅಕ್ಷರ ಮಾಡಿದ್ದರಿಂದ ಅಂಕಣದ ಅಗಲ ಸಾಲಲಿಲ್ಲ. ಮೂರು ಒಟ್ಟುಗಳನ್ನು ಕೂಡಿದೆ: 114.57, 422.45, 358.60 ಸೇರಿ 895.62. ಇದು ಸರಿಯಾದ ಸಂಖ್ಯೆ. ವಾಣಿವಿಲಾಸ ತಪ್ಪು ಮನೆಯಲ್ಲಿ ಕುಳಿತರೂ ರಾಜ್ಯದ ಒಟ್ಟು ಕೆಡುವುದಿಲ್ಲ.

ಬಲ ಅಂಚಿನಲ್ಲಿ ಎಚ್ ಅಂಕಣದ ಒಂದು ಎಳೆ ಮಾತ್ರ ಕಾಣುತ್ತದೆ. ಪ್ರತಿ ಸಾಲಿನಲ್ಲೂ ಏನೋ ತುಂಬಿದೆ, ಓದಲು ಬರುವಂತಿಲ್ಲ. ಅದು ತುಂಬಿರುವುದರಿಂದಲೇ ಟಿಪ್ಪಣಿಗಳು ಪಕ್ಕಕ್ಕೆ ಚಾಚಿಕೊಳ್ಳಲು ಜಾಗವಿಲ್ಲದೆ ಕಡಿದಿವೆ. ಕೆಳಗೆ ಮೂರು ಹಾಳೆಗಳ ಹೆಸರಿದೆ: ಜಲಾಶಯ, ನದಿ, ಮತ್ತು "ಜಲಪಾ" ಎಂದು ಅರ್ಧಕ್ಕೆ ನಿಂತ ಮೂರನೆಯದು. ತೆರೆದಿರುವುದು ಮೊದಲನೆಯದು. ಉಳಿದೆರಡರ ಚಿತ್ರ ಗುಂಪಿಗೆ ಬಂದಿಲ್ಲ. ಕೇಳುವುದಾದರೆ ಚಿತ್ರ ಬೇಡ, ಕಡತವನ್ನೇ ಕಳುಹಿಸಿ ಎಂದು ಕೇಳು. ಆಗ ಸಾಲು 12 ಕೂಡ ಅದರೊಳಗೇ ಬರುತ್ತದೆ.