ಚಿಲ್ಲರೆ ಬಾಕಿ ಇದ್ದರೆ ಕೇಳಿ

ಡಿಪೋ ಮ್ಯಾನೇಜರ್ ಸರ್, ವೇದಿಕೆ ಮೇಲಿರುವ ಹಿರಿಯರೇ, ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಮೂವತ್ತೊಂದು ವರ್ಷ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿದವನು ನಾನು. ಇವತ್ತು ನೀವು ನನ್ನನ್ನೇ ಮುಂದಕ್ಕೆ ತಂದು ಕೂರಿಸಿದ್ದೀರಿ. ಕೂತು ಅಭ್ಯಾಸ ಇಲ್ಲ, ಅದಕ್ಕೇ ಮೈಕ್ ಸಿಕ್ಕಿದ ಕೂಡಲೇ ಎದ್ದು ನಿಂತೆ.

ಈಗ ಪರದೆ ಮೇಲೆ ಬಂದ ಫೋಟೊಗಳನ್ನು ಜೋಡಿಸಿದವಳು ನನ್ನ ಮಗಳು. ಮೊದಲನೆಯದು 1994ರದ್ದು. ತಲೆ ತುಂಬಾ ಕೂದಲು, ಹೆಗಲಲ್ಲಿ ಚರ್ಮದ ಬ್ಯಾಗು, ಕೈಯಲ್ಲಿ ಬಣ್ಣಬಣ್ಣದ ಟಿಕೆಟ್ ಕಟ್ಟು. ಹುಡುಗರು ನಕ್ಕಿರಿ, ಅಲ್ವಾ? ನಿಮಗೆ ಮಷಿನ್ ಇದೆ. ನಮಗೆ ಸ್ಟೇಜ್ ಬರುವಷ್ಟರಲ್ಲಿ ಟಿಕೆಟ್ ಹರಿದು, ಲೆಕ್ಕ ಹಾಕಿ, ಅಲುಗಾಡುವ ಬಸ್ಸಿನಲ್ಲೇ ವೇ ಬಿಲ್ ಬರೆಯಬೇಕಿತ್ತು. ನನ್ನ ಅಕ್ಷರ ಕೆಟ್ಟಿದ್ದು ಹಾಗೇ.

ಶಿರಾಡಿ ಘಾಟಿಯ ಫೋಟೊ ನೋಡಿದಿರಲ್ಲ, ಮಳೆಯಲ್ಲಿ ಟಾರ್ಚ್ ಹಿಡಿದು ನಿಂತಿದ್ದೇನೆ. ಮಂಗಳೂರಿಂದ ಹಾಸನಕ್ಕೆ ಬರುವಾಗ ಗುಂಡ್ಯ ದಾಟಿದ ಮೇಲೆ ಎದುರಿಗೆ ಗುಡ್ಡ ಜರಿದಿತ್ತು. ನಾನೇ ಬಸ್ ಉಳಿಸಿದ ಹಾಗೆ ಕಾಣುತ್ತೆ. ಸುಮ್ನೆ. ಫೋಟೊದ ಬಲ ತುದಿಯಲ್ಲಿ, ಕಿಟಕಿಯಿಂದ ಹೊರಗೆ ಬಂದ ಒಂದು ಮೊಣಕೈ ಇದೆ. ಅದು ನಮ್ಮ ಡ್ರೈವರ್ ಅಣ್ಣಂದು. ಆ ಕತ್ತಲೆಯಲ್ಲಿ, ತಿರುವಿನಲ್ಲಿ, ನನ್ನ ಸೀಟಿ ಒಂದನ್ನೇ ನಂಬಿ ಅಷ್ಟು ದೂರ ಬಸ್ಸನ್ನು ಹಿಂದಕ್ಕೆ ತಂದವರು ಅವರು. ಒಳಗಿದ್ದ ಮಗು ಎದ್ದು ಅಳಲೂ ಇಲ್ಲ. ಅಣ್ಣಾ, ಅಲ್ಲಿ ಹಿಂದಿನ ಸಾಲಲ್ಲಿ ಬಚ್ಚಿಟ್ಟುಕೊಳ್ಳಬೇಡಿ. ಅವತ್ತು ಹೇಳಲಿಲ್ಲ, ಇವತ್ತು ಹೇಳ್ತೀನಿ: ಥ್ಯಾಂಕ್ಸ್.

ಪ್ರಶಸ್ತಿ ಪತ್ರದ ಫೋಟೊ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಆ ಖಾಕಿ ಶರ್ಟಿನ ಇಸ್ತ್ರಿ ಮಾತ್ರ ನೋಡಿ. ಅದು ನನ್ನ ಹೆಂಡತಿಯದ್ದು. ನೈಟ್ ಹಾಲ್ಟ್ ಮುಗಿಸಿ ಯಾವ ಹೊತ್ತಿಗೆ ಬಂದರೂ ಅವಳು ಮೊದಲು ಕೇಳ್ತಿದ್ದದ್ದು "ಕಲೆಕ್ಷನ್ ಸರಿ ಹೋಯ್ತಾ?" ಅಂತ. ಊಟ ಆಮೇಲೆ.

ಕೊನೆಯದು 2023ರದ್ದು, ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಹೊಸತು. ಬಸ್ಸಲ್ಲಿ ಕಾಲಿಡಲು ಜಾಗ ಇರಲಿಲ್ಲ. ಒಬ್ಬ ಅಜ್ಜಿಗೆ ಶೂನ್ಯ ದರದ ಟಿಕೆಟ್ ಕೊಟ್ಟೆ. ಅವರು ಹತ್ತು ರೂಪಾಯಿ ನನ್ನ ಕೈಗೆ ತುರುಕಿದರು. "ದುಡ್ಡು ಬೇಡ ಅಜ್ಜಿ" ಅಂದರೆ, "ಬಸ್ಸಿಗಲ್ಲ ಕಣಪ್ಪಾ, ಬೆಳಗಿಂದ ನಿಂತೇ ಇದ್ದೀಯ, ಕಾಫಿ ಕುಡಿ" ಅಂದರು. ವಾಪಸ್ ಕೊಡುವಷ್ಟರಲ್ಲಿ ಇಳಿದು ಹೋಗಿದ್ದರು. ಆ ನೋಟು ಇನ್ನೂ ನನ್ನ ಹತ್ತಿರ ಇದೆ.

ರಾತ್ರಿ ಪಾಳಿಯಲ್ಲಿ ಬ್ರೇಕ್ ನೋಡಿದ ಮೆಕ್ಯಾನಿಕ್‌ಗಳು, ಲೆಕ್ಕ ತಪ್ಪಿದಾಗ ಬೈಯದೆ ಜೊತೆಗೆ ಕೂತು ಹುಡುಕಿದ ಕ್ಯಾಷ್ ಕೌಂಟರ್‌ನವರು, ನಿಮ್ಮ ಫೋಟೊ ಒಂದೂ ಬರಲಿಲ್ಲ. ಮಗಳಿಗೆ ಗೊತ್ತಿರಲಿಲ್ಲ, ತಪ್ಪು ನನ್ನದು. ನಿಮಗೆಲ್ಲ ಕೈ ಮುಗಿಯುತ್ತೇನೆ.

ಊಟಕ್ಕೆ ಎಲೆ ಹಾಕಿದ್ದಾರೆ, ಹೋಳಿಗೆಯೂ ಇದೆ. ಚಿಲ್ಲರೆ ಇಲ್ಲ ಅಂತ ಟಿಕೆಟ್ ಹಿಂದೆ ನಾನು ಬರೆದುಕೊಟ್ಟ ಬಾಕಿ ಯಾರಿಗಾದರೂ ಇದ್ದರೆ ಪಂಕ್ತಿಯಲ್ಲೇ ಬಂದು ಕೇಳಿ. ಟಿಕೆಟ್ ಮಾತ್ರ ತೋರಿಸಲೇಬೇಕು. ನಮಸ್ಕಾರ.