ಹೃದಯದ ವಿದ್ಯುತ್ ವಹನ ಮತ್ತು ಇಸಿಜಿ ರೇಖೆ: ವಾರ್ಡ್ ಪೋಸ್ಟಿಂಗ್‌ಗೆ ಮುನ್ನ ಓದಬೇಕಾದ ಪಾಠ

ವಿಶ್ರಾಂತಿಯಲ್ಲಿರುವ ಹೃದಯಸ್ನಾಯು ಕೋಶದ ಒಳಭಾಗವು ಹೊರಭಾಗಕ್ಕಿಂತ ಋಣಾತ್ಮಕವಾಗಿರುತ್ತದೆ. ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಈ ಸ್ಥಿತಿ ತಲೆಕೆಳಗಾಗುತ್ತದೆ, ಇದೇ ವಿಧ್ರುವೀಕರಣ. ಇದು ಧನ ಎಲೆಕ್ಟ್ರೋಡ್‌ನ ಕಡೆಗೆ ಹರಡಿದರೆ ರೇಖೆ ಮೇಲೇಳುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಎರಡನೆಯ ಲೀಡ್‌ನ ಧನ ತುದಿ ಎಡಗಾಲಿನಲ್ಲಿದ್ದು, ವಿದ್ಯುತ್ತು ಒಟ್ಟಾರೆ ಬಲ ಮೇಲ್ಭಾಗದಿಂದ ಎಡ ಕೆಳಭಾಗಕ್ಕೆ ಸಾಗುವುದರಿಂದ ಅಲ್ಲಿ ಪಿ, ಆರ್ ಮತ್ತು ಟಿ ಮೂರೂ ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತವೆ.

ಪ್ರಚೋದನೆ ಹುಟ್ಟುವುದು ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಎಸ್‌ಎ ನೋಡ್‌ನಲ್ಲಿ. ಈ ಗಂಟು ತೀರ ಚಿಕ್ಕದಾದ್ದರಿಂದ ಅದರ ಸ್ವಂತ ಚಟುವಟಿಕೆ ಇಸಿಜಿಯಲ್ಲಿ ಕಾಣದು; ಎರಡೂ ಹೃತ್ಕರ್ಣಗಳು ವಿಧ್ರುವೀಕರಣಗೊಂಡಾಗಲೇ ಪಿ ಅಲೆ ಮೂಡುತ್ತದೆ. ಮುಂದೆ ಎವಿ ನೋಡ್‌ನಲ್ಲಿ ಪ್ರಚೋದನೆ ಸುಮಾರು 0.1 ಸೆಕೆಂಡು ನಿಧಾನಗೊಳ್ಳುತ್ತದೆ. ಪಿ ಅಲೆಯ ನಂತರದ ಸಮತಟ್ಟಾದ ಗೆರೆಯನ್ನು ವಿದ್ಯಾರ್ಥಿಗಳು ಖಾಲಿ ಜಾಗವೆಂದು ದಾಟಿಬಿಡುತ್ತಾರೆ. ಆದರೆ ಹೃತ್ಕರ್ಣಗಳು ತಮ್ಮ ರಕ್ತವನ್ನು ಹೃತ್ಕುಕ್ಷಿಗಳಿಗೆ ತುಂಬಿ ಮುಗಿಸಲು ಅವಕಾಶ ಸಿಗುವುದು ಈ ವಿಳಂಬದಿಂದಲೇ. ಬಳಿಕ ಹಿಸ್ ಕಟ್ಟು, ಅದರ ಬಲ-ಎಡ ಶಾಖೆಗಳು ಮತ್ತು ಪರ್ಕಿಂಜೆ ತಂತುಗಳ ಮೂಲಕ ಪ್ರಚೋದನೆ ಅತಿವೇಗವಾಗಿ ಹರಡುವುದರಿಂದ ಕ್ಯೂಆರ್‌ಎಸ್ ಕಿರಿದಾಗಿಯೂ, ಹೃತ್ಕುಕ್ಷಿಗಳ ಸ್ನಾಯುರಾಶಿ ದೊಡ್ಡದಾದ್ದರಿಂದ ಎತ್ತರವಾಗಿಯೂ ಇರುತ್ತದೆ. ಹೃತ್ಕರ್ಣಗಳ ಪುನರ್ಧ್ರುವೀಕರಣ ಬಹುಮಟ್ಟಿಗೆ ಇದರಲ್ಲೇ ಮರೆಯಾಗುತ್ತದೆ. ಹೃತ್ಕುಕ್ಷಿಗಳದು ಟಿ ಅಲೆಯಾಗಿ ಕಾಣುತ್ತದೆ.

ಕಾಗದವು ಸೆಕೆಂಡಿಗೆ 25 ಮಿ.ಮೀ. ಚಲಿಸುವಾಗ ಒಂದು ಸಣ್ಣ ಚೌಕ 0.04 ಸೆಕೆಂಡು, ಒಂದು ದೊಡ್ಡ ಚೌಕ 0.20 ಸೆಕೆಂಡು. ಅಭ್ಯಾಸಕ್ಕೆ ಕೊಟ್ಟಿರುವ ಪಟ್ಟಿಯಲ್ಲಿ ಪಿಆರ್ ಅಂತರ 4 ಸಣ್ಣ ಚೌಕ, ಅಂದರೆ 0.16 ಸೆಕೆಂಡು, ಇದು 0.12ರಿಂದ 0.20ರ ಸಹಜ ಮಿತಿಯಲ್ಲಿದೆ. ಕ್ಯೂಆರ್‌ಎಸ್ 2 ಸಣ್ಣ ಚೌಕ, 0.08 ಸೆಕೆಂಡು, 0.12 ತಲುಪಿದ್ದರೆ ಶಾಖಾತಡೆಯನ್ನು ಶಂಕಿಸಬೇಕಿತ್ತು. ಆರ್‌ನಿಂದ ಆರ್‌ಗೆ ಎಲ್ಲೆಡೆ 4 ದೊಡ್ಡ ಚೌಕಗಳಿರುವುದರಿಂದ 300ನ್ನು 4ರಿಂದ ಭಾಗಿಸಿದರೆ ನಿಮಿಷಕ್ಕೆ 75.

ಇಷ್ಟು ಸಹಜವಾದ ರೇಖೆಯೂ ಹೃದಯ ರಕ್ತವನ್ನು ಹೊರದೂಡುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಇಸಿಜಿ ತೋರಿಸುವುದು ವಿದ್ಯುತ್ತನ್ನು ಮಾತ್ರ, ಸಂಕೋಚನವನ್ನಲ್ಲ. ಮಾನಿಟರಿನಲ್ಲಿ ಲಯವಿದ್ದೂ ನಾಡಿ ಸಿಗದಿದ್ದರೆ ಅದು ಹೃದಯಸ್ತಂಭನ. ರೋಗಿ ಪ್ರತಿಕ್ರಿಯಿಸದಿದ್ದಾಗ ಮೊದಲು ಕುತ್ತಿಗೆಯ ನಾಡಿಯನ್ನೂ ಉಸಿರಾಟವನ್ನೂ ಪರೀಕ್ಷಿಸಿ, ನಾಡಿಯಿಲ್ಲದಿದ್ದರೆ ಸಹಾಯಕ್ಕೆ ಕರೆದು ಕೂಡಲೇ ಸಿಪಿಆರ್ ಆರಂಭಿಸಬೇಕು.

ದ್ವಿಭಾಷಾ ಪದಪಟ್ಟಿ

ಹೃತ್ಕರ್ಣ – ಏಟ್ರಿಯಂ
ಹೃತ್ಕುಕ್ಷಿ – ವೆಂಟ್ರಿಕಲ್
ವಿಧ್ರುವೀಕರಣ – ಡಿಪೋಲರೈಸೇಷನ್
ಪುನರ್ಧ್ರುವೀಕರಣ – ರೀಪೋಲರೈಸೇಷನ್
ವಹನ ವ್ಯವಸ್ಥೆ – ಕಂಡಕ್ಷನ್ ಸಿಸ್ಟಮ್
ಹಿಸ್ ಕಟ್ಟು – ಬಂಡಲ್ ಆಫ್ ಹಿಸ್
ಶಾಖಾತಡೆ – ಬಂಡಲ್ ಬ್ರಾಂಚ್ ಬ್ಲಾಕ್
ಅಂತರ – ಇಂಟರ್ವಲ್
ಲಯ – ರಿದಮ್
ನಾಡಿಯಿಲ್ಲದ ವಿದ್ಯುತ್ ಚಟುವಟಿಕೆ – ಪಲ್ಸ್‌ಲೆಸ್ ಎಲೆಕ್ಟ್ರಿಕಲ್ ಆಕ್ಟಿವಿಟಿ