ಕಕ್ಕಡ ವಿದ್ಯಾ ನೆರವು ಟ್ರಸ್ಟ್: ಧರ್ಮಾರ್ಥ ಟ್ರಸ್ಟ್ ಪತ್ರ

2024ನೇ ಇಸವಿ ಜೂನ್ 10, ಸೋಮವಾರ. ಕೊಡಗು ಜಿಲ್ಲೆ, ಪೊನ್ನಂಪೇಟೆ ತಾಲ್ಲೂಕು, ಗೋಣಿಕೊಪ್ಪಲಿನಲ್ಲಿ ವಾಸವಿರುವ 67 ವರ್ಷದ ನಿವೃತ್ತ ಶಿಕ್ಷಕಿ ಬೋಜಮ್ಮ ಆದ ನಾನು ಬರೆಸಿಕೊಟ್ಟ ಟ್ರಸ್ಟ್ ಪತ್ರ.

1. ನನ್ನ ಉಳಿತಾಯದ ₹2,00,000 ಮೂಲಧನವಾಗಿ ಟ್ರಸ್ಟ್‌ಗೆ ಕೊಟ್ಟಿದ್ದೇನೆ. ಇದನ್ನು ವಾಪಸ್ ಪಡೆಯುವಂತಿಲ್ಲ. ನನಗಾಗಲಿ, ನನ್ನ ಮಕ್ಕಳಿಗಾಗಲಿ ಇನ್ನು ಇದರ ಮೇಲೆ ಹಕ್ಕಿಲ್ಲ. ಟ್ರಸ್ಟ್ ಕಚೇರಿ ಸದ್ಯಕ್ಕೆ ನಮ್ಮ ಮನೆಯ ಮುಂದಿನ ಕೋಣೆ. ಬಾಡಿಗೆ ಇಲ್ಲ.

2. ಉದ್ದೇಶ: ತಾಲ್ಲೂಕಿನ ಕಾಫಿ ತೋಟದ ಲೈನ್ ಮನೆಗಳ ಮತ್ತು ಹಾಡಿಗಳ ಮಕ್ಕಳು ಶಾಲೆ ಬಿಡದಂತೆ ನೋಡಿಕೊಳ್ಳುವುದು. ಕಕ್ಕಡ ತಿಂಗಳ ಮಳೆಯಲ್ಲಿ, ಆನೆ ಓಡಾಡುವ ದಾರಿಯಲ್ಲಿ ಮಕ್ಕಳನ್ನು ನಡೆಸಿ ಕಳಿಸಲು ಅಪ್ಪ ಅಮ್ಮ ಹೆದರುತ್ತಾರೆ. ಕಾಫಿ ಕುಯ್ಲು ಬಂದರೆ ತಮ್ಮಂದಿರನ್ನು, ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಹಾಗಾಗಿ ಹಣ ಮೊದಲು ಜೀಪು ಬಾಡಿಗೆಗೆ, ಕೊಡೆ ಮತ್ತು ರೈನ್‌ಕೋಟ್‌ಗೆ, ಕುಯ್ಲಿನ ತಿಂಗಳಲ್ಲಿ ಎಳೆ ಮಕ್ಕಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ಹೋಗಬೇಕು. ಪುಸ್ತಕ, ಪರೀಕ್ಷೆ ಶುಲ್ಕ ಆಮೇಲೆ. ಜಾತಿ, ಧರ್ಮ, ಭಾಷೆ ನೋಡುವಂತಿಲ್ಲ. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮ ಮಕ್ಕಳೇ. ಸನ್ಮಾನ, ಶಾಲು, ಹಾರಕ್ಕೆ ಮಾತ್ರ ಒಂದು ಪೈಸೆಯೂ ಇಲ್ಲ.

3. ಮೊದಲ ಟ್ರಸ್ಟಿಗಳು ನಾನು, ಬೆಳೆಗಾರ ಪೊನ್ನಪ್ಪ, ನಿವೃತ್ತ ನರ್ಸ್ ಶಾರದಾ, ಅಂಗಡಿಯ ರಶೀದ್ ಮತ್ತು ಹಾಡಿಯ ಚೋಮಿ. ಸಂಖ್ಯೆ ಮೂರಕ್ಕಿಂತ ಕಡಿಮೆ, ಏಳಕ್ಕಿಂತ ಜಾಸ್ತಿ ಆಗಬಾರದು. ಒಬ್ಬರಾದರೂ ಲೈನ್ ಮನೆಯವರೋ ಹಾಡಿಯವರೋ ಇರಲೇಬೇಕು.

4. ಅಧಿಕಾರ: ಟ್ರಸ್ಟಿಗಳು ದೇಣಿಗೆ ಪಡೆಯಬಹುದು, ಬ್ಯಾಂಕ್ ಖಾತೆ ನಡೆಸಬಹುದು, ಕೆಲಸದವರನ್ನು ನೇಮಿಸಬಹುದು. ಚೆಕ್ಕಿಗೆ ಇಬ್ಬರ ಸಹಿ ಬೇಕು; ಆ ಇಬ್ಬರು ಒಂದೇ ಮನೆಯವರಾಗಬಾರದು. ಉಳಿದ ಹಣವನ್ನು ಆದಾಯ ತೆರಿಗೆ ಕಾನೂನು ಒಪ್ಪುವ ಕಡೆ ಮಾತ್ರ ಇಡಬೇಕು. ಸಾಲ ಮಾಡಲು ಅಥವಾ ಜಾಗ ಮಾರಲು ಎಲ್ಲ ಟ್ರಸ್ಟಿಗಳ ಲಿಖಿತ ಒಪ್ಪಿಗೆ ಮತ್ತು ಕಾನೂನು ಕೇಳುವ ಅನುಮತಿ ಇರಬೇಕು. ಟ್ರಸ್ಟಿಗಳಿಗಾಗಲಿ ಅವರ ನೆಂಟರಿಗಾಗಲಿ ಸಂಬಳ, ಸಾಲ, ಗುತ್ತಿಗೆ ಕೊಡುವಂತಿಲ್ಲ; ಬಸ್ ಚಾರ್ಜು ಕೊಡಬಹುದು. ಲೆಕ್ಕವನ್ನು ಪ್ರತಿ ವರ್ಷ ಮಾರ್ಚ್ 31ಕ್ಕೆ ಮುಗಿಸಿ ಆಡಿಟ್ ಮಾಡಿಸಬೇಕು. ವರ್ಷಕ್ಕೆ ನಾಲ್ಕು ಸಭೆ, ಕೋರಂ ಮೂವರು. ಕುಯ್ಲಿನ ಗಡಿಬಿಡಿಯಲ್ಲಿ ಫೋನಿನಲ್ಲಿ ಸೇರಿದರೂ ನಡೆಯುತ್ತದೆ.

5. ಟ್ರಸ್ಟಿ ಬದಲಾವಣೆ: ಬಿಡುವವರು ಒಂದು ತಿಂಗಳು ಮೊದಲೇ ಬರೆದು ತಿಳಿಸಬೇಕು. ಮರಣ, ಅನಾರೋಗ್ಯ, ದಿವಾಳಿತನ, ಹಣದ ದುರುಪಯೋಗ, ಕಾರಣ ಹೇಳದೆ ಸತತ ಮೂರು ಸಭೆಗೆ ಗೈರು, ಇಂಥ ಸಂದರ್ಭದಲ್ಲಿ ಜಾಗ ಖಾಲಿಯಾಗುತ್ತದೆ. ತೆಗೆಯುವ ಮುಂಚೆ 15 ದಿನದ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು. ಉಳಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಸುಮ್ನೆ ಮನಸ್ತಾಪಕ್ಕೆ ಯಾರನ್ನೂ ತೆಗೆಯುವಂತಿಲ್ಲ. ಖಾಲಿ ಜಾಗವನ್ನು 90 ದಿನದೊಳಗೆ ಉಳಿದ ಟ್ರಸ್ಟಿಗಳು ತುಂಬಬೇಕು. ಸ್ಥಾನ ಮಗ ಮಗಳಿಗೆ ತಾನಾಗಿ ಹೋಗುವುದಿಲ್ಲ. ಇದು ಒಕ್ಕದ ಆಸ್ತಿ ಅಲ್ಲ. ನನ್ನ ಸ್ಥಾನಕ್ಕೂ ಇದೇ ನಿಯಮ.

6. ವಿಸರ್ಜನೆ: ಉದ್ದೇಶ ನಡೆಸಲು ಸಾಧ್ಯವೇ ಇಲ್ಲ ಅನ್ನಿಸಿದರೆ, ಅದಕ್ಕೆಂದೇ ಕರೆದ ಸಭೆಯಲ್ಲಿ ನಾಲ್ಕನೇ ಮೂರರಷ್ಟು ಟ್ರಸ್ಟಿಗಳು ಒಪ್ಪಬೇಕು, ನ್ಯಾಯಾಲಯದ ಅನುಮತಿ ಬೇಕಾದರೆ ಪಡೆಯಬೇಕು. ಸಾಲ, ಸಂಬಳ ತೀರಿಸಿ ಉಳಿದದ್ದನ್ನು ಇಂಥದೇ ಉದ್ದೇಶದ, ಆದಾಯ ತೆರಿಗೆ ಕಾನೂನಿನಡಿ ನೋಂದಣಿಯಾದ ಬೇರೆ ಧರ್ಮಾರ್ಥ ಸಂಸ್ಥೆಗೆ ಕೊಡಬೇಕು. ಕೊಡಗಿನ ಸಂಸ್ಥೆ ಸಿಕ್ಕರೆ ಅದಕ್ಕೇ ಮೊದಲು. ಟ್ರಸ್ಟಿಗಳು ಹಂಚಿಕೊಳ್ಳುವಂತಿಲ್ಲ.

ಓದಿ, ಚೋಮಿಗೆ ಓದಿ ಹೇಳಿಸಿ, ಎಲ್ಲರೂ ಒಪ್ಪಿ ಸಹಿ ಮಾಡಿದ್ದೇವೆ.

ಟ್ರಸ್ಟ್ ಸ್ಥಾಪಕಿ: ಬೋಜಮ್ಮ (ಸಹಿ)
ಟ್ರಸ್ಟಿಗಳು: ಪೊನ್ನಪ್ಪ (ಸಹಿ), ಶಾರದಾ (ಸಹಿ), ರಶೀದ್ (ಸಹಿ), ಚೋಮಿ (ಎಡ ಹೆಬ್ಬೆಟ್ಟು)
ಸಾಕ್ಷಿಗಳು: ಗಣಪತಿ (ಸಹಿ), ಲಲಿತಾ (ಸಹಿ)